ಆಯ್ಕೆಯ ನೋಟಿಸಿನಲ್ಲಿ ಏನಿರಬೇಕು?

ಶಾಲಾ ಫುಟ್‌ಬಾಲ್ ತಂಡದ ಆಯ್ಕೆ ನೋಟಿಸಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ವಯಸ್ಸಿನ ಸಾಲಿನಲ್ಲೇ. 1960ರಲ್ಲಿ ಶುರುವಾದ ಸುಬ್ರತೋ ಕಪ್‌ನಂಥ ಅಂತರಶಾಲಾ ಪಂದ್ಯಾವಳಿಗಳಲ್ಲಿ ವಯೋಮಿತಿಗೆ ಲೆಕ್ಕ ಜನ್ಮದಿನಾಂಕವೇ ಹೊರತು ತರಗತಿಯಲ್ಲ. ‘ಒಂಬತ್ತು, ಹತ್ತನೇ ತರಗತಿಯವರು ಬನ್ನಿ’ ಎಂದಷ್ಟೇ ಬರೆದರೆ, ತಡವಾಗಿ ಶಾಲೆ ಸೇರಿದ ಹುಡುಗ ತಂಡಕ್ಕೆ ಆಯ್ಕೆಯಾಗಿ, ಕೊನೆಗೆ ದಾಖಲೆ ಪರಿಶೀಲನೆಯಲ್ಲಿ ಹೊರಬೀಳುತ್ತಾನೆ. ‘ಇಂಥ ದಿನಾಂಕ ಅಥವಾ ಅದರ ನಂತರ ಹುಟ್ಟಿದವರು’ ಎಂದರೆ ಗೊಂದಲವಿಲ್ಲ. ಜನನ ಪ್ರಮಾಣಪತ್ರದ ಪ್ರತಿಯನ್ನೂ ಆಯ್ಕೆಯ ದಿನವೇ ಕೇಳುವುದು ಒಳ್ಳೆಯದು.

ದಿನಾಂಕ ಎರಡಾದರೂ ಇರಲಿ. ಜ್ವರ ಬಂದವನಿಗೆ ಇನ್ನೊಂದು ಅವಕಾಶ ಸಿಗುತ್ತದೆ.

ತರಬೇಕಾದ್ದು ಬೂಟು, ಉದ್ದ ಕಾಲುಚೀಲ, ನೀರು. ಮುಂಗಾಲ ಮೂಳೆ ಕಾಯುವ ಶಿನ್‌ಗಾರ್ಡ್ ಪಂದ್ಯದಲ್ಲಿ ಕಡ್ಡಾಯ, ಹಾಗಾಗಿ ಆಯ್ಕೆಗೂ ಬೇಕು. ಓಲೆ, ಕಡಗ ಮನೆಯಲ್ಲೇ ಬಿಟ್ಟುಬರಬೇಕು: ಟೇಪು ಸುತ್ತಿಕೊಂಡರೂ ಆಟದ ನಿಯಮ ಒಪ್ಪುವುದಿಲ್ಲ.