ಫೋಟೊದಲ್ಲಿರುವುದು ಪೇಟಿಯೋ, ಕೀಬೋರ್ಡೋ, ಆರ್ಗನ್ನೋ?

ಸ್ಮರಣ ಸಂಚಿಕೆಗಳಲ್ಲಿ, ಹಳೆಯ ಆಲ್ಬಮ್‌ಗಳಲ್ಲಿ ಬಿಳಿ–ಕಪ್ಪು ಮನೆಗಳಿರುವ ಯಾವ ವಾದ್ಯ ಕಂಡರೂ ಕೆಳಗೆ ‘ಹಾರ್ಮೋನಿಯಂ’ ಎಂದು ಬರೆದುಬಿಡುವುದುಂಟು. ನಮ್ಮ ಕಣ್ಣು ಮೊದಲು ಹೋಗುವುದೇ ಮನೆಗಳ ಮೇಲೆ, ಮೋಸವಾಗುವುದೂ ಅಲ್ಲೇ. ಎರಡು ಕಪ್ಪು, ಮೂರು ಕಪ್ಪು ಎಂಬ ಸಾಲು ಮೂರೂ ವಾದ್ಯಗಳಲ್ಲಿ ಒಂದೇ. ಆ ಜೋಡಿ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಅಲ್ಪಸ್ವಲ್ಪ ಸುಳಿವು ಸಿಗುತ್ತದೆ. ಕೈಪೇಟಿಯಲ್ಲಿ ಸಾಮಾನ್ಯವಾಗಿ ಮೂರು, ಹೆಚ್ಚೆಂದರೆ ಮೂರೂವರೆ ಸಲ. ಸಾಮಾನ್ಯ ಅಳತೆಯ ಕೀಬೋರ್ಡಿನಲ್ಲಿ 61 ಮನೆ, ಅಂದರೆ ಐದು ಸಲ. ಆದರೆ ಮಕ್ಕಳ ಕೀಬೋರ್ಡುಗಳು 37 ಮನೆಗೇ ಮುಗಿಯುವುದರಿಂದ ಎಣಿಕೆಯೊಂದನ್ನೇ ನೆಚ್ಚುವಂತಿಲ್ಲ.

ಹಾಗಾಗಿ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಬೇಕು. ಹಾರ್ಮೋನಿಯಂ ನುಡಿಯುವುದು ಹಿತ್ತಾಳೆಯ ರೀಡುಗಳ ಮೂಲಕ ಗಾಳಿ ಹಾದಾಗ ಮಾತ್ರ, ಆ ಗಾಳಿಯನ್ನು ಯಾರಾದರೂ ಒತ್ತುತ್ತಲೇ ಇರಬೇಕು. ಕೈಪೇಟಿಯಲ್ಲಿ ತಿದಿ ಇರುವುದು ನುಡಿಸುವವರಿಗೆ ಆಚೆಬದಿಯಲ್ಲಿ, ಅಂದರೆ ಸಭಿಕರ ಕಡೆಗೆ. ಎದುರಿನಿಂದ ತೆಗೆದ ಫೋಟೊದಲ್ಲಿ ಮನೆಗಳು ಕಾಣದೆ ಹೋದರೂ ತಿದಿಯ ಮಡಿಕೆಗಳೂ ಅದರ ಮೇಲಿಟ್ಟ ಒಂದು ಕೈಯೂ ಕಾಣುತ್ತವೆ. ಮನೆಗಳ ಮೇಲೆ ಒಂದೇ ಕೈ, ಇನ್ನೊಂದು ಕೈ ಪೆಟ್ಟಿಗೆಯ ಬೆನ್ನಿಗೆ: ಈ ಭಂಗಿ ಕಂಡರೆ ಅದು ಪೇಟಿಯೇ. ತಿದಿ ಮುಚ್ಚಿದ್ದರೆ ಅದನ್ನು ಬಿಗಿದಿಡುವ ಕೊಂಡಿಗಳನ್ನು ಪೆಟ್ಟಿಗೆಯ ಬದಿಯಲ್ಲಿ ನೋಡಿ. ನುಡಿಸುವವರ ಕಡೆಯಿಂದ ತೆಗೆದ ಚಿತ್ರವಾದರೆ ಮನೆಗಳ ಕೆಳಗಿನ ಹಲಗೆಯಲ್ಲಿ ಹೊರಕ್ಕೆ ಎಳೆಯುವ ಗುಂಡನೆಯ ಗುಬುಟುಗಳು ಸಾಲಾಗಿರುತ್ತವೆ. ರೀಡುಗಳಿಗೆ ಗಾಳಿಯ ದಾರಿ ತೆರೆಯುವುದು, ಷಡ್ಜ–ಪಂಚಮದಂಥ ಶ್ರುತಿಯನ್ನು ಎಡೆಬಿಡದೆ ನುಡಿಸುವುದು ಇವುಗಳ ಕೆಲಸ. ಅವುಗಳ ಬಳಿ ಅಂಕಿ, ಪರದೆ, ದೀಪ ಯಾವುದೂ ಇರುವುದಿಲ್ಲ.

ಕೀಬೋರ್ಡನ್ನು ಗುರುತಿಸುವುದು ಸುಲಭ. ಚಪ್ಪಟೆ ಪ್ಲಾಸ್ಟಿಕ್ ಮೈ, ಮನೆಗಳ ಮೇಲ್ಭಾಗದಲ್ಲಿ ಚಿಕ್ಕ ಪರದೆ, ಸ್ವರದ ಬಗೆಯನ್ನೂ ತಾಳವನ್ನೂ ಆರಿಸುವ ಅಂಕಿಯ ಗುಂಡಿಗಳು, ಎರಡೂ ತುದಿಗೆ ಸ್ಪೀಕರಿನ ಜಾಲರಿ, ಹಿಂದಿನಿಂದ ಇಳಿದ ವೈರು. ಎರಡೂ ಕೈಗಳು ಬಿಡುವಾಗಿ ಮನೆಗಳ ಮೇಲಿರುತ್ತವೆ.

ನಿಜವಾದ ತೊಡಕು ಬರುವುದು ಕಾಲಿನ ವಿಷಯದಲ್ಲಿ. ಕಂಪನಿ ನಾಟಕದ ಹಳೆಯ ಫೋಟೊ ಒಂದನ್ನು ಕಲ್ಪಿಸಿಕೊಳ್ಳಿ. ರಂಗದ ಮುಂದೆ ಮಾಸ್ತರರು ಎತ್ತರದ ಆಸನದಲ್ಲಿ ಕೂತಿದ್ದಾರೆ, ಎರಡೂ ಕೈ ಮನೆಗಳ ಮೇಲಿವೆ, ಕಾಲಡಿಯಲ್ಲಿ ಏನೋ ಇದೆ, ತಿದಿ ಎಲ್ಲೂ ಕಾಣುತ್ತಿಲ್ಲ. ಇದು ಎಲೆಕ್ಟ್ರಾನಿಕ್ ಆರ್ಗನ್ ಇರಬಹುದೇ? ಕಾಲಡಿಯನ್ನು ದೊಡ್ಡದು ಮಾಡಿ ನೋಡಿ. ಪಾದದಷ್ಟು ಅಗಲದ ಎರಡೇ ಹಲಗೆಗಳು ಅಕ್ಕಪಕ್ಕ ಇದ್ದರೆ ಅವು ತಿದಿ ತುಳಿಯುವ ಪೆಡಲುಗಳು, ವಾದ್ಯ ಲೆಗ್ ಹಾರ್ಮೋನಿಯಂ. ಗಾಳಿಯ ಕೆಲಸವನ್ನು ಕಾಲು ವಹಿಸಿಕೊಂಡಿರುವುದರಿಂದಲೇ ಎರಡೂ ಕೈ ಬಿಡುವಾಗಿವೆ. ಆರ್ಗನ್ನಿನ ಕಾಲಡಿ ಬೇರೆಯೇ ರೀತಿ: ಕಿರಿದಾದ ಉದ್ದನೆಯ ಪಟ್ಟಿಗಳು ಸಾಲಾಗಿ, ಕಪ್ಪು–ಬಿಳಿ ಮನೆಗಳ ಕ್ರಮದಲ್ಲೇ ಹರಡಿರುತ್ತವೆ. ಅವು ಮಂದ್ರ ಸ್ವರ ನುಡಿಸುವ ಮನೆಗಳು. ಅವುಗಳ ಮೇಲೆ, ಬಲಕ್ಕೋ ನಡುವಿಗೋ, ಕಾರಿನ ಆಕ್ಸಿಲರೇಟರಿನಂಥ ಇನ್ನೊಂದು ಪೆಡಲು ಇರುತ್ತದೆ. ಅದು ಧ್ವನಿಯನ್ನು ಏರಿಳಿಸಲಿಕ್ಕೆ.

ಆರ್ಗನ್ನುಗಳಲ್ಲಿ ಹೆಸರುವಾಸಿಯಾದ ಹ್ಯಾಮಂಡ್ ಬಿ-3 ಅನ್ನು ಒಮ್ಮೆ ಗಮನಿಸಿದರೆ ಉಳಿದವನ್ನು ಗುರುತಿಸುವುದು ಕಷ್ಟವಾಗದು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ಅವರ ಮೊದಲ ಆರ್ಗನ್ 1935ರಲ್ಲಿ ಮಾರುಕಟ್ಟೆಗೆ ಬಂತು, ಬಿ-3 ಬಂದದ್ದು ಐವತ್ತರ ದಶಕದಲ್ಲಿ. ಮೆಟ್ಟಿಲಿನಂತೆ ಒಂದರ ಮೇಲೊಂದು ಎರಡು ಸಾಲು ಮನೆ, ಪ್ರತಿ ಸಾಲಿನಲ್ಲಿ ಸ್ವರ ನುಡಿಸುವ ಮನೆ 61. ಅವಲ್ಲದೆ ಎರಡೂ ಸಾಲುಗಳ ಎಡತುದಿಯಲ್ಲಿರುವ ಇನ್ನೂ ಹನ್ನೆರಡು ಮನೆಗಳ ಬಣ್ಣ ತಿರುಗುಮುರುಗು: ಬಿಳಿ ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಬಿಳಿ. ಇವು ಸ್ವರ ನುಡಿಸುವುದಿಲ್ಲ, ಮೊದಲೇ ಹೊಂದಿಸಿಟ್ಟ ನಾದದ ಬಗೆಯನ್ನು ಆರಿಸುತ್ತವೆ. ಮೇಲಿನ ಫಲಕದಲ್ಲಿ ಒಂಬತ್ತೊಂಬತ್ತರ ಗುಂಪಾಗಿ ಡ್ರಾಬಾರುಗಳಿರುತ್ತವೆ. ಫೋಟೊದಲ್ಲಿ ಒಂದು ಉದ್ದ, ಒಂದು ಗಿಡ್ಡ ಎಂಬಂತೆ ಏರುಪೇರಾಗಿ ಚಾಚಿಕೊಂಡ ಕಡ್ಡಿಗಳೇ ಅವು. ಪೇಟಿಯ ಗುಬುಟು ಎಳೆದರೆ ದಾರಿ ತೆರೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ. ಡ್ರಾಬಾರನ್ನು ಎಂಟು ಹಂತಗಳಲ್ಲಿ ಎಳೆಯಬಹುದು, ಎಳೆದಷ್ಟೂ ಆ ನಾದಾಂಶ ಜೋರಾಗುತ್ತದೆ.

ಬಣ್ಣ ತಿರುಗಿಸಿದ ಮನೆಗಳೇ ಎಲ್ಲ ಕಡೆ ಆರ್ಗನ್ನಿನ ಗುರುತಲ್ಲ, ಎಲ್ಲ ಆರ್ಗನ್ನಿಗೂ ಎರಡು ಸಾಲು ಇರಲೇಬೇಕೆಂದೂ ಇಲ್ಲ. ಅರವತ್ತರ ದಶಕದ ರಾಕ್ ತಂಡಗಳು ಬಳಸಿದ ವಾಕ್ಸ್ ಕಾಂಟಿನೆಂಟಲ್‌ನ ಮೊದಲ ಮಾದರಿಯಲ್ಲಿ ಇರುವುದು ಒಂದೇ ಸಾಲು, ಆ ಸಾಲಿನುದ್ದಕ್ಕೂ ಮನೆಗಳ ಬಣ್ಣ ತಿರುಗುಮುರುಗು. ತೆಳು ಮೈ, ಲೋಹದ ಕಾಲು ನೋಡಿ ಕೀಬೋರ್ಡ್ ಎನ್ನಿಸಿದರೂ ಅದು ಆರ್ಗನ್ನೇ. ಅಲ್ಲಿ ತಾಳದ ಗುಂಡಿಯಿಲ್ಲ, ಪರದೆಯಿಲ್ಲ, ಫಲಕದಲ್ಲಿರುವುದು ಡ್ರಾಬಾರು. ಈಗಿನ ಕೆಲವು ಸ್ಟೇಜ್ ಕೀಬೋರ್ಡುಗಳು ಡ್ರಾಬಾರನ್ನೂ ಪರದೆಯನ್ನೂ ಒಟ್ಟಿಗೇ ಹೊತ್ತು ಬರುತ್ತವೆ. ಅಂಥವಕ್ಕೆ ‘ಡ್ರಾಬಾರ್ ಇರುವ ಕೀಬೋರ್ಡ್’ ಎಂದೇ ಬರೆಯುವುದು ಸರಿ. ಬರೀ ಬೆರಳು, ನಾಲ್ಕಾರು ಮನೆ ಮಾತ್ರ ಕಾಣುವ ಚಿತ್ರಕ್ಕೆ ಯಾವ ಹೆಸರನ್ನೂ ಅಂಟಿಸಬಾರದು. ಅದೇ ಕಾರ್ಯಕ್ರಮದ ಮತ್ತೊಂದು ಫೋಟೊ ಹುಡುಕಿ, ಪೆಟ್ಟಿಗೆಯ ಬೆನ್ನನ್ನೂ ನುಡಿಸುವವರ ಕಾಲನ್ನೂ ನೋಡಬೇಕು.