ದೀಪಾವಳಿ ರಜೆಗೆ ಟ್ಯೂಷನ್ ಮೇಷ್ಟರ ಒಂದು ಸಂದೇಶ

ಮನೆಪಾಠ ಹೇಳುವವರು ಹಬ್ಬಕ್ಕೆ ಕಳಿಸುವ ಸಂದೇಶವನ್ನು ಮಕ್ಕಳೂ ಓದುತ್ತಾರೆ, ಅಪ್ಪ ಅಮ್ಮಂದಿರೂ ಓದುತ್ತಾರೆ. ಮಕ್ಕಳಿಗೆ ಬೇಕಾದದ್ದು ಶುಭಾಶಯ ಮತ್ತು ರಜೆ. ಊರಿಗೆ ಹೋಗಲು ಬಸ್ಸಿನ ಸೀಟು ಕಾಯ್ದಿರಿಸುವ ಹಿರಿಯರಿಗೆ ಬೇಕಾದದ್ದು ಪಾಠ ಮತ್ತೆ ಶುರುವಾಗುವ ದಿನ. ಶುಭಾಶಯ ಬರೆಯುವುದು ಸುಲಭ. ಎಡವುವುದು ತಾರೀಖಿನಲ್ಲಿ.

2025ರ ದೀಪಾವಳಿಯನ್ನೇ ನೋಡಬಹುದು. ಆ ವರ್ಷ ಕರ್ನಾಟಕದಲ್ಲಿ ಅಕ್ಟೋಬರ್ 20, ಸೋಮವಾರ ನರಕ ಚತುರ್ದಶಿಗೂ 22, ಬುಧವಾರ ಬಲಿಪಾಡ್ಯಮಿಗೂ ಸರ್ಕಾರಿ ರಜೆಯಿತ್ತು. ನಡುವಿನ ಮಂಗಳವಾರ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಇರಲಿಲ್ಲ. 'ದೀಪಾವಳಿಗೆ ರಜೆ' ಎಂದಷ್ಟೇ ಬರೆದರೆ ಅರ್ಧ ಮಕ್ಕಳು ಮಂಗಳವಾರ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ, ಉಳಿದರ್ಧ ಅಜ್ಜಿಯ ಊರಿನಲ್ಲಿರುತ್ತಾರೆ. 'ಚತುರ್ದಶಿಯಿಂದ ಪಾಡ್ಯದವರೆಗೆ' ಎಂದು ತಿಥಿ ಹಿಡಿದು ಬರೆದರೂ ಕ್ಯಾಲೆಂಡರು ತಿರುವುವ ಕೆಲಸ ತಪ್ಪುವುದಿಲ್ಲ. 'ಬುಧವಾರದವರೆಗೆ ರಜೆ' ಎಂಬ ಮಾತಿನಲ್ಲೂ ತೊಡಕಿದೆ: ಬುಧವಾರ ಪಾಠ ಉಂಟೋ ಇಲ್ಲವೋ? ತಾರೀಖು, ವಾರ ಎರಡನ್ನೂ ಕೊಟ್ಟು, ಪಾಠ ಶುರುವಾಗುವ ದಿನವನ್ನು ಬೇರೆ ವಾಕ್ಯದಲ್ಲಿ ಹೇಳಿದರೆ ಈ ಗೊಂದಲ ಇರುವುದಿಲ್ಲ.

ಇದನ್ನೆಲ್ಲ ಗಮನಿಸಿ ಬರೆದರೆ ಸಂದೇಶ ಹೀಗಿರುತ್ತದೆ:

"ಪ್ರೀತಿಯ ಮಕ್ಕಳೇ, ಮಾನ್ಯ ಪೋಷಕರೇ, ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ಅಕ್ಟೋಬರ್ 19, ಭಾನುವಾರದಿಂದ 22, ಬುಧವಾರದವರೆಗೆ ನಾಲ್ಕು ದಿನವೂ ಪಾಠ ಇರುವುದಿಲ್ಲ. ನಡುವಿನ ಮಂಗಳವಾರವೂ ರಜೆ. 23, ಗುರುವಾರ ಸಂಜೆ 5 ಗಂಟೆಗೆ ಎಂದಿನಂತೆ ತರಗತಿ. ಊರಿನಿಂದ ಬರುವುದು ತಡವಾದರೆ ಒಂದು ಮಾತು ತಿಳಿಸಿ, ತಪ್ಪಿದ ಪಾಠವನ್ನು ಶನಿವಾರ ಹೇಳಿಕೊಡುತ್ತೇನೆ. ಪಟಾಕಿ ಹಚ್ಚುವಾಗ ದೊಡ್ಡವರು ಜೊತೆಗಿರಲಿ."

ಭಾನುವಾರವನ್ನು ಸೇರಿಸಿದ್ದಕ್ಕೆ ಕಾರಣವಿದೆ. ಆ ಸಂಜೆ ನೀರು ತುಂಬುವ ಹಬ್ಬ: ಹಂಡೆ ಬೆಳಗಿ, ನೀರು ತುಂಬಿ, ಮರುದಿನದ ಎಣ್ಣೆಸ್ನಾನಕ್ಕೆ ಸಿದ್ಧ ಮಾಡುವ ಹೊತ್ತು. ವಾರದ ಪರೀಕ್ಷೆಯನ್ನು ಭಾನುವಾರವೇ ಇಡುವ ಮೇಷ್ಟರು ಅದನ್ನು ಬಿಡಿಸಿ ಹೇಳದಿದ್ದರೆ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ.

ಬಾಕಿ ಫೀಸಿನ ಮಾತು ಇದರಲ್ಲಿ ಬರಬಾರದು. ಶುಭಾಶಯದ ಕೆಳಗೆ ಅದೊಂದು ಸಾಲು ಸೇರಿದರೆ ಓದುವವರ ಕಣ್ಣಿಗೆ ಬೀಳುವುದು ಅದೊಂದೇ. ಬೇರೆ ದಿನ, ಆಯಾ ಮನೆಯವರಿಗಷ್ಟೇ ತಿಳಿಸುವುದು ಲೇಸು. ಮನೆಗೆಲಸ ಕೊಡುವುದಿದ್ದರೆ ಅದನ್ನೂ ಶನಿವಾರದ ತರಗತಿಯಲ್ಲೇ ಮಕ್ಕಳಿಗೆ ಹೇಳಿ ಮುಗಿಸಬಹುದು. ಗುಂಪಿನಲ್ಲಿ ದೀಪಾವಳಿ ಆಚರಿಸದ ಮನೆಗಳೂ ಇರುತ್ತವೆ. 'ನಿಮ್ಮ ಮನೆಯ ಪೂಜೆ ಚೆನ್ನಾಗಿ ನಡೆಯಲಿ' ಎನ್ನುವುದಕ್ಕಿಂತ 'ಎಲ್ಲರಿಗೂ ಶುಭಾಶಯಗಳು' ಎಂದರೆ ಅವರೂ ಅದರಲ್ಲಿ ಸೇರುತ್ತಾರೆ.

ಸಂದೇಶ ವಾರಕ್ಕೆ ಮೊದಲೇ ಹೋಗಬೇಕು. ಬುಧವಾರ ರಾತ್ರಿ 'ನಾಳೆ ಸಂಜೆ 5ಕ್ಕೆ ತರಗತಿ' ಎಂಬ ಒಂದು ಸಾಲು ಮತ್ತೆ ಹೋದರೆ ಸಾಕು.