ಪತ್ರಾಸಿನ ಕೆಳಗೆ ಎಷ್ಟು ಸೆಖೆ?

ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳು ಏಪ್ರಿಲ್ ತಿಂಗಳನ್ನೂ ತರಗತಿಯಲ್ಲೇ ಕಳೆಯಬೇಕು. ಎಸಿ ಇಲ್ಲ, ಕಿಟಕಿಯಿಂದ ಬಂದಷ್ಟೇ ಗಾಳಿ. ಇಂಥ ಕೋಣೆ ಕೂರಲು ಹಿತವಾಗಿದೆಯೇ ಎಂದು ಅಳೆಯಲು ಎರಡು ವಿಧಾನಗಳಿವೆ. ಒಂದೇ ಕೋಣೆಯ ಬಗ್ಗೆ ಅವು ಕೆಲವೊಮ್ಮೆ ಬೇರೆ ಬೇರೆ ತೀರ್ಪು ಕೊಡುತ್ತವೆ.

ಮೊದಲನೆಯದು ಡೆನ್ಮಾರ್ಕಿನ ಓಲೆ ಫಾಂಗರ್ 1970ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಲೆಕ್ಕ, ಚಿಕ್ಕದಾಗಿ ಪಿಎಂವಿ. ದೇಹದಲ್ಲಿ ಹುಟ್ಟುವ ಶಾಖ ಹೊರಗೆ ಹೋಗುವ ಶಾಖಕ್ಕೆ ಸರಿಹೋಗುತ್ತದೆಯೇ ಎಂದು ಅದು ನೋಡುತ್ತದೆ. ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ-ಸೂರುಗಳ ವಿಕಿರಣ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುತ್ತಿರುವ ಕೆಲಸ, ಈ ಆರನ್ನು ಕೊಟ್ಟರೆ ಉತ್ತರ –3ರಿಂದ (ತೀರಾ ಚಳಿ) +3ರವರೆಗೆ (ತೀರಾ ಸೆಖೆ) ಬರುತ್ತದೆ. ಸೊನ್ನೆ ಎಂದರೆ ಹಿತ. ಫಾಂಗರ್ ಇದನ್ನು ಕಟ್ಟಿದ್ದು ಹವೆಯನ್ನು ನಿಯಂತ್ರಿಸಿದ ಕೋಣೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ.

ಎರಡನೆಯದು ಹೊಂದಾಣಿಕೆಯ ಮಾದರಿ. ಕೆಲವು ವಾರಗಳಿಂದ ಹೊರಗಿನ ಹವೆ ಹೇಗಿತ್ತೋ ಅದಕ್ಕೆ ಜನ ಒಗ್ಗಿಕೊಂಡಿರುತ್ತಾರೆ, ಆದ್ದರಿಂದ ಹಿತದ ಉಷ್ಣತೆಯೂ ಹೊರಗಿನ ಹವೆಯೊಡನೆ ಏರಿಳಿಯುತ್ತದೆ ಎಂಬುದು ಅದರ ನಿಲುವು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಐದು ಊರುಗಳ ಕಚೇರಿಗಳಲ್ಲಿ ಜನರನ್ನು ಕೇಳಿ ನಮ್ಮ ದೇಶಕ್ಕೆ ಹೊಂದುವ ಸೂತ್ರ ಕೊಟ್ಟರು. ಹಿಂದಿನ 30 ದಿನಗಳ ಹೊರಗಿನ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಕೂಡಿಸಬೇಕು. ಬಂದ ಅಂಕಿಗಿಂತ 2.38 ಡಿಗ್ರಿ ಹೆಚ್ಚು-ಕಡಿಮೆಯೊಳಗೆ ನೂರಕ್ಕೆ ತೊಂಬತ್ತು ಜನ ಒಪ್ಪುತ್ತಾರೆ.

ಅಕ್ಕಲಕೋಟೆ ಕಡೆಯ ಪತ್ರಾಸಿನ ಸೂರಿನ ಒಂದು ತರಗತಿಯನ್ನು ಊಹಿಸಿಕೊಂಡು ಲೆಕ್ಕ ಮಾಡೋಣ. ಏಪ್ರಿಲ್ ನಡುವೆ 30 ದಿನಗಳ ಸರಾಸರಿ 31 ಡಿಗ್ರಿ ಎಂದಿಟ್ಟುಕೊಂಡರೆ ಹಿತದ ಉಷ್ಣತೆ 29.6, ಮೇಲಿನ ಮಿತಿ ಸುಮಾರು 32. ಬೆಳಗಿನ ಶಾಲೆಯ ಹೊತ್ತು ಒಳಗಿನ ಗಾಳಿ 30, ಸುತ್ತಲಿನ ವಿಕಿರಣ 32 ಡಿಗ್ರಿ, ಗಾಳಿಯ ವೇಗ ಸೆಕೆಂಡಿಗೆ 0.3 ಮೀಟರ್, ತೇವಾಂಶ ಶೇ. 35, ಮಕ್ಕಳ ಮೈಮೇಲೆ ತೆಳು ಹತ್ತಿಯ ಸಮವಸ್ತ್ರ. ಗಾಳಿ-ವಿಕಿರಣ ಸೇರಿದ ಉಷ್ಣತೆ 30.8, ಅಂದರೆ ಹೊಂದಾಣಿಕೆಯ ಮಾದರಿಗೆ ಕೋಣೆ ಸರಿಯಾಗಿದೆ. ಪಿಎಂವಿ ಮಾತ್ರ 1.5 ಎನ್ನುತ್ತದೆ, ಅರ್ಧಕ್ಕೂ ಹೆಚ್ಚು ಜನ ಅತೃಪ್ತರು ಎಂದರ್ಥ. ಇಲ್ಲಿ ನಾನು ನಂಬುವುದು ಹೊಂದಾಣಿಕೆಯ ಮಾದರಿಯನ್ನು. ಬಿಸಿನಾಡಿನಲ್ಲಿ ಎಸಿ ಇಲ್ಲದ ಕಟ್ಟಡಗಳಲ್ಲಿ ತನ್ನ ಲೆಕ್ಕ ಸೆಖೆಯನ್ನು ಹೆಚ್ಚಾಗಿ ತೋರಿಸುತ್ತದೆಂದು ಫಾಂಗರ್ ಅವರೇ 2002ರಲ್ಲಿ ಒಪ್ಪಿ, ಅದನ್ನು ತಗ್ಗಿಸುವ ಗುಣಕವೊಂದನ್ನು ಸೂಚಿಸಿದ್ದರು.

ಹೊತ್ತೇರಿದ ಮೇಲೆ ಚಿತ್ರ ಬದಲಾಗುತ್ತದೆ. ಗಾಳಿ 33ಕ್ಕೆ ಏರಿದೆ, ತೇವಾಂಶ ಶೇ. 25ಕ್ಕೆ ಇಳಿದಿದೆ, ಕಾದ ಪತ್ರಾಸಿನಿಂದ ವಿಕಿರಣ 40 ಮುಟ್ಟಿದೆ. ಈಗ ಎರಡೂ ಲೆಕ್ಕಗಳು ಸೆಖೆ ಮಿತಿಮೀರಿದೆ ಎನ್ನುತ್ತವೆ. ಹೊಂದಾಣಿಕೆಯ ಮಾದರಿಯ ಮಾತು ಅಲ್ಲಿಗೆ ಮುಗಿಯಿತು. ಪಿಎಂವಿ ಕಾರಣವನ್ನೂ ಬಿಡಿಸಿ ತೋರಿಸುತ್ತದೆ, ನನಗೆ ಅದು ಬೇಕಾಗುವುದು ಇದಕ್ಕೇ. ಅದರ ಒಂದೊಂದು ಪದವನ್ನೂ ನೋಡಿದರೆ, ಮೈಯಿಂದ ಹೊರಹೋಗಬೇಕಿದ್ದ ವಿಕಿರಣ ತಿರುಗಿ ಸೂರಿನಿಂದ ಮೈಗೆ ಬರುತ್ತಿದೆ. ಫ್ಯಾನ್ ಹಾಕಿ ವೇಗವನ್ನು 0.8 ಮಾಡಿದರೆ ಅಂಕಿ ಮಾಪಕವನ್ನೇ ಮೀರಿದ 3.2ರಿಂದ 3.0ಕ್ಕೆ ಇಳಿಯುತ್ತದೆ, ಅಷ್ಟೇ. ಫ್ಯಾನ್ ಮುಟ್ಟದೆ, ಪತ್ರಾಸಿನ ಮೇಲೆ ಸುಣ್ಣ ಬಳಿದೋ ಒಳಗೆ ಸೀಲಿಂಗ್ ಕಟ್ಟಿಯೋ ವಿಕಿರಣವನ್ನು 34ಕ್ಕೆ ತಂದರೆ 2.4 ಆಗುತ್ತದೆ. ಈ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಮೇಲ್ಮುದ್ದೆ ಮಧ್ಯಾಹ್ನದ ಬಿಸಿ ಒಳಗೆ ತಲುಪುವುದನ್ನು ತಡಮಾಡುತ್ತಿತ್ತು. ತೆಳು ತಗಡಿಗೆ ಆ ಶಕ್ತಿ ಇಲ್ಲ.

ಅಳತೆ ಕೆಡುವುದೂ ಹೆಚ್ಚಾಗಿ ವಿಕಿರಣದಲ್ಲೇ. ಅದನ್ನು ತಿಳಿಯಲು ಕಪ್ಪು ಬಳಿದ ಟೊಳ್ಳು ಗೋಳದೊಳಗೆ ಥರ್ಮಾಮೀಟರ್ ಇಡುತ್ತಾರೆ. ಗೋಳ ಕೋಣೆಗೆ ಒಗ್ಗಲು ಸುಮಾರು 20 ನಿಮಿಷ ಬೇಕು. ಆತುರದಲ್ಲಿ ಓದಿದರೆ, ಇಲ್ಲವೇ ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದರೆ, ಅಂಕಿ ತಪ್ಪುತ್ತದೆ. ಓದು ನಿಂತಿದೆಯೇ ಎಂದು ತಿಳಿಯಲು ಐದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಸಾಕು. ಗೋಳವನ್ನು ಕುರ್ಚಿಯ ಎತ್ತರದಲ್ಲಿಟ್ಟರೆ ನೆಲದ ಮೇಲೆ ಕುಳಿತ ಮಕ್ಕಳ ಸ್ಥಿತಿ ಸಿಗುವುದಿಲ್ಲ.

ಹೊಂದಾಣಿಕೆಯ ಸೂತ್ರಕ್ಕೂ ಎರಡು ಮಿತಿಗಳಿವೆ. ಅದರ ಆಧಾರವಾದ ಹೊರಗಿನ ಸರಾಸರಿ ಸುಮಾರು 31 ಡಿಗ್ರಿಗೆ ನಿಲ್ಲುತ್ತದೆ, ಏಪ್ರಿಲ್ ಕೊನೆಯ ಸೊಲ್ಲಾಪುರ ಅದನ್ನು ದಾಟಬಲ್ಲದು. ಇನ್ನೊಂದು, ಅದಕ್ಕೆ ಉತ್ತರ ಕೊಟ್ಟವರು ದೊಡ್ಡವರು. ಮಕ್ಕಳ ದೇಹ ತೂಕಕ್ಕೆ ಹೋಲಿಸಿದರೆ ಹೆಚ್ಚು ಶಾಖ ಹುಟ್ಟಿಸುತ್ತದೆ. ಬಟ್ಟೆ ಬದಲಿಸಲು, ಜಾಗ ಬಿಟ್ಟೇಳಲು ಅವರಿಗೆ ಸ್ವಾತಂತ್ರ್ಯವೂ ಕಡಿಮೆ. ಹೀಗಾಗಿ ಮಿತಿಯ ಹತ್ತಿರದ ಅಂಕಿ ಬಂದಾಗ ಮಕ್ಕಳನ್ನೇ ಕೇಳಬೇಕು. ಆಟದ ಬಿಡುವಿನಿಂದ ಬಂದು ಅರ್ಧ ಗಂಟೆ ಕುಳಿತ ಮೇಲೆ, ಒಬ್ಬರ ಕೈ ನೋಡಿ ಇನ್ನೊಬ್ಬರು ಎತ್ತದಂತೆ ಚೀಟಿಯಲ್ಲಿ, ಸೂರಿನ ನಡುಭಾಗದ ಕೆಳಗೆ ಕುಳಿತವರದನ್ನೂ ಕಿಟಕಿ ಪಕ್ಕದವರದನ್ನೂ ಬೇರೆ ಬೇರೆಯಾಗಿ.